ಅಡ್ವಾನ್ಸ್ ವಾಪಸ್ ಕೇಳುವ ಇಮೇಲ್ ಹೇಗಿರಬೇಕು?

ಪ್ರಶ್ನೆ: ಮಾರ್ಚ್ 31ಕ್ಕೆ ಬಾಡಿಗೆ ಮನೆ ಖಾಲಿ ಮಾಡಿ ಕೀ ಕೊಟ್ಟೆವು. ಅಡ್ವಾನ್ಸ್ 2 ಲಕ್ಷ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಅಂದ್ರೆ 20 ಸಾವಿರ ಹಿಡಿಯಬಹುದು ಅಂತ ಅಗ್ರಿಮೆಂಟಿನಲ್ಲಿದೆ. ಓನರ್ ಅಂಕಲ್ ಫೋನಿನಲ್ಲಿ ಒಮ್ಮೆ ಹೊಸಬರು ಬಂದ ಮೇಲೆ ಕೊಡ್ತೀನಿ ಅಂತಾರೆ, ಇನ್ನೊಮ್ಮೆ ಪೇಂಟಿಂಗ್, ಟೈಲ್ಸ್ ಅಂತ 75 ಸಾವಿರ ಕಟ್ ಅಂತಾರೆ. ಬರವಣಿಗೆಯಲ್ಲಿ ಏನೂ ಇಲ್ಲ. ಇಮೇಲ್ ಹಾಕಿದರೆ ಸಂಬಂಧ ಕೆಡುತ್ತೆ ಅಂತ ನಮ್ಮನೆಯವರ ಭಯ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಇಮೇಲ್ ಹಾಕಿ, ಇವತ್ತೇ ಹಾಕಿ. ಸಂಬಂಧ ಕೆಡಿಸೋದು ಇಮೇಲ್ ಅಲ್ಲ, ಅದರೊಳಗಿನ ಮಾತು. ಕೇಸು, ವಕೀಲರು, ಪೊಲೀಸು ಅನ್ನುವ ಪದಗಳು ಈ ಮೊದಲ ಪತ್ರದಲ್ಲಿ ಬೇಡ. ಮುಂದೆ ನಿಮ್ಮಿಬ್ಬರನ್ನೂ ಗೊತ್ತಿಲ್ಲದ ಒಬ್ಬ ಜಡ್ಜ್ ಇದನ್ನು ಓದಬಹುದು. ಅವರಿಗೆ ಒಂದೇ ಓದಿಗೆ ಅರ್ಥವಾಗಬೇಕು, ನೀವು ಮರ್ಯಾದಸ್ಥರು ಅಂತಲೂ ಅನ್ನಿಸಬೇಕು. ಅಂಕಲ್ ಈವರೆಗೆ ನಿಮಗೆ ಯಾವ ವಿಳಾಸದಿಂದ ಬಾಡಿಗೆ ರಸೀದಿಯನ್ನೋ ಅಗ್ರಿಮೆಂಟ್ ಪ್ರತಿಯನ್ನೋ ಕಳಿಸಿದ್ದರೋ ಅದೇ ವಿಳಾಸಕ್ಕೆ ಬರೆಯಿರಿ. 'ಅದು ನನ್ನ ಇಮೇಲೇ ಅಲ್ಲ' ಅಂತ ಆಮೇಲೆ ಹೇಳುವುದು ಅವರಿಗೆ ಕಷ್ಟವಾಗುತ್ತದೆ.

ಸುಮಾರಾಗಿ ಹೀಗಿರಲಿ:

> ವಿಷಯ: ಅಡ್ವಾನ್ಸ್ ವಾಪಸಾತಿ, ಏಪ್ರಿಲ್ 20ರ ಫೋನ್ ಮಾತುಕತೆ
>
> ನಮಸ್ಕಾರ ಅಂಕಲ್. ಮಾರ್ಚ್ 31ರಂದು ನಾವು ಮನೆ ಖಾಲಿ ಮಾಡಿ ಮೂರು ಕೀಗಳನ್ನು ನಿಮ್ಮ ಕೈಗೆ ಕೊಟ್ಟೆವು. ಅಡ್ವಾನ್ಸ್ ₹2,00,000. ಅಗ್ರಿಮೆಂಟ್ ಪ್ರಕಾರ ಪೇಂಟಿಂಗಿಗೆ ₹20,000 ಕಳೆದರೆ ಬರಬೇಕಾದ್ದು ₹1,80,000.
>
> ಏಪ್ರಿಲ್ 20ರ ಸಂಜೆ ಫೋನಿನಲ್ಲಿ ನೀವು ಪೇಂಟಿಂಗ್ ಮತ್ತು ಟೈಲ್ಸ್‌ಗೆ ₹75,000 ಹಿಡಿಯುವುದಾಗಿ ಹೇಳಿದಿರಿ. ಟೈಲ್ಸ್ ಖರ್ಚನ್ನು ನಾನು ಒಪ್ಪಿಲ್ಲ. ಯಾವ ಟೈಲ್ಸ್, ಎಷ್ಟು ಖರ್ಚು ಅಂತ ಫೋಟೊ ಮತ್ತು ಬಿಲ್ ಕಳಿಸಿ.
>
> ನಾನು ಬರೆದದ್ದರಲ್ಲಿ ತಪ್ಪಿದ್ದರೆ ಮೇ 5ರೊಳಗೆ ತಿಳಿಸಿ. ಹಣ ಹಾಕಲು ನನ್ನ ಬ್ಯಾಂಕ್ ವಿವರ ಕೆಳಗಿದೆ.

ಇದರಲ್ಲಿ 'ಮೋಸ' ಅನ್ನುವ ಪದವಿಲ್ಲ, ನೋಡಿ. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ನಿಮ್ಮ ಊಹೆ. ಅವರು ಏನು ಹೇಳಿದರು, ಯಾವತ್ತು ಹೇಳಿದರು ಅನ್ನುವುದು ನಿಮಗೆ ಗೊತ್ತಿರುವ ಸಂಗತಿ. ಅಷ್ಟನ್ನೇ ಬರೆಯಿರಿ. 'ಒಪ್ಪಿಲ್ಲ' ಅನ್ನುವ ಸಾಲು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಅವರ ಮಾತನ್ನು ಕೇಳಿಸಿಕೊಂಡು ಸುಮ್ಮನಾದಿರಿ ಅಂತ ಆಗಬಹುದು.

ಹಳೆಯ ಕರೆಗಳನ್ನೂ ಸೇರಿಸಿ. ಆದರೆ ದಿನ ಸರಿಯಾಗಿ ನೆನಪಿಲ್ಲದಿದ್ದರೆ ಫೋನಿನ ಕಾಲ್ ಲಿಸ್ಟ್ ನೋಡಿ, ಅಲ್ಲೂ ಸಿಗದಿದ್ದರೆ 'ನನಗೆ ನೆನಪಿರುವಂತೆ ಏಪ್ರಿಲ್ ಮೊದಲ ವಾರ' ಅಂತಲೇ ಬರೆಯಿರಿ. ಒಂದು ತಾರೀಖು ಸುಳ್ಳು ಅಂತ ಗೊತ್ತಾದರೆ ಉಳಿದದ್ದನ್ನೂ ನಂಬುವುದಿಲ್ಲ. ಇನ್ನು ಮುಂದೆ ಅಂಕಲ್ ಫೋನ್ ಮಾಡಿದರೆ ಮಾತಾಡಿ. ಅವತ್ತೇ ರಾತ್ರಿ ಅದೇ ಇಮೇಲಿಗೆ ರಿಪ್ಲೈ ಮಾಡಿ, ಅವರು ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಅವರು ಉತ್ತರಿಸದಿದ್ದರೆ ಒಪ್ಪಿಕೊಂಡ ಹಾಗೆ ಅಂತ ಕಾನೂನು ಹೇಳುವುದಿಲ್ಲ. ಆದರೂ ತಿದ್ದಲು ಅವಕಾಶ ಕೊಟ್ಟಿದ್ದೀರಿ, ಅವರು ತಿದ್ದಲಿಲ್ಲ ಅನ್ನುವುದಕ್ಕೆ ತೂಕ ಇದ್ದೇ ಇರುತ್ತದೆ.

ಒಳ್ಳೆಯವರು ಜಾಸ್ತಿ ಎಡವುವ ಜಾಗ ಇನ್ನೊಂದಿದೆ. 'ಟೈಲ್ಸ್ ಒಡೆದದ್ದು ನಮ್ಮ ಮಗನೇ ಇರಬಹುದು, ಸ್ವಲ್ಪ ಹಿಡಿದುಕೊಳ್ಳಿ ಪರವಾಗಿಲ್ಲ' ಅಂತ ಸೌಜನ್ಯಕ್ಕೆ ಒಂದು ಸಾಲು ಸೇರಿಸುತ್ತಾರೆ. ನಿಮ್ಮ ಇಮೇಲ್ ನಿಮ್ಮ ವಿರುದ್ಧವೂ ಸಾಕ್ಷಿ. ರಾಜಿಗೆ ಸಿದ್ಧವಿದ್ದರೆ ಅದನ್ನು ಬೇರೆ ಇಮೇಲಿನಲ್ಲಿ ಬರೆಯಿರಿ. ಇದು ರಾಜಿಗಾಗಿ ಮಾತ್ರ, ಪೂರ್ತಿ ಹಣ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಅಂತ ಮೊದಲ ಸಾಲಿನಲ್ಲೇ ಹೇಳಿ. ವಕೀಲರು ಇದನ್ನೇ 'ವಿತೌಟ್ ಪ್ರೆಜುಡಿಸ್' ಅನ್ನುತ್ತಾರೆ.

ಬಂದ ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟರೆ ಸಾಲದು. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ಮೂಲ ಇಮೇಲ್ ಇನ್‌ಬಾಕ್ಸಿನಲ್ಲೇ ಇರಲಿ, ಡಿಲೀಟ್ ಮಾಡಬೇಡಿ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ, `Show original`ಗೆ ಹೋಗಿ `Download Original` ಒತ್ತಿ. ಯಾವ ಸರ್ವರಿನಿಂದ ಯಾವಾಗ ಬಂತು ಅನ್ನುವ ವಿವರ ಸಮೇತ `.eml` ಫೈಲ್ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಮೇಲಿನ ಪ್ರಿಂಟ್ ಕೋರ್ಟಿಗೆ ಕೊಡುವಾಗ ಜೊತೆಗೆ ಸರ್ಟಿಫಿಕೇಟ್ ಬೇಕು. ಒಂದು ಭಾಗ ನಿಮ್ಮದು, ಇನ್ನೊಂದು ತಜ್ಞರದು. ಅದನ್ನು ವಕೀಲರು ಮಾಡಿಸುತ್ತಾರೆ. ಮೂಲವನ್ನು ಹಾಗೇ ಉಳಿಸಿಕೊಂಡಿರುವುದು ನಿಮ್ಮ ಕೆಲಸ.

ಮೇ 5 ದಾಟಿದರೂ ಉತ್ತರ ಬಾರದಿದ್ದರೆ ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಈ ಇಮೇಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ವಕೀಲರ ಹತ್ತಿರ ಹೋಗಿ. ನೋಟಿಸ್ ಬರೆಯಲು ಅವರಿಗೆ ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ.