ಚಿಕ್ಕ ಬೇಕರಿಯ ಅಡಿಬರಹ ಬಾಯಲ್ಲಿ ಉಳಿಯಬೇಕಾದರೆ

"ನಮ್ಮದು ಬೀದಿಯೊಳಗಿನ ಚಿಕ್ಕ ಬೇಕರಿ. ಸಾಂಪ್ರದಾಯಿಕ ಸಿಹಿ ಮತ್ತು ಖಾರದ ತಿಂಡಿ ಮಾಡ್ತೀವಿ. ಬೋರ್ಡಿನಲ್ಲಿ ಹೆಸರಿನ ಕೆಳಗೆ ಹಾಕೋಕೆ ನೆನಪಿನಲ್ಲಿ ಉಳಿಯೋ ಒಂದು ಪುಟ್ಟ ಸಾಲು ಬೇಕು. ಹೇಗೆ ಬರೆಯೋದು?"

ಒಂದು ವಾರ ಕೌಂಟರಿನಲ್ಲಿ ನಿಂತಾಗ ಗಿರಾಕಿಗಳ ಮಾತನ್ನು ಗಮನವಿಟ್ಟು ಕೇಳಿ. ಅವರು ಹೇಳಿದ್ದನ್ನು ಹಾಗೆಹಾಗೇ ಬರೆದುಕೊಳ್ಳಿ. "ಇವತ್ತು ಮಾಡಿದ್ದಾ?" ಅಂತ ಪದೇ ಪದೇ ಕೇಳುತ್ತಾರಾ? ಇಲ್ಲ, "ನಿಮ್ಮಲ್ಲಿ ಮಾತ್ರ ಹಳೇ ರುಚಿ ಸಿಗುತ್ತೆ" ಅನ್ನುತ್ತಾರಾ? ಅವರು ನಿಮ್ಮ ಅಂಗಡಿಗೇ ಬರುವ ಕಾರಣ ಆ ಮಾತಿನಲ್ಲೇ ಇರುತ್ತದೆ. ಅಡಿಬರಹ ಆ ಒಂದು ಕಾರಣವನ್ನು ಹೇಳಿದರೆ ಸಾಕು. ಎರಡು ಕಾರಣ ತುರುಕಿದರೆ ಎರಡೂ ನೆನಪಿರುವುದಿಲ್ಲ.

ಇನ್ನು ಸಾಲು ಕಟ್ಟುವ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು. ಕನ್ನಡದ ಕಿವಿಗೆ ಎರಡನೇ ಅಕ್ಷರದ ಪ್ರಾಸ ಬಹಳ ಹಿಡಿಸುತ್ತದೆ. "ಕೈ ಕೆಸರಾದರೆ ಬಾಯಿ ಮೊಸರು" ನೋಡಿ: ಕೆಸರು, ಮೊಸರು, ಎರಡರಲ್ಲೂ ಎರಡನೇ ಅಕ್ಷರ 'ಸ'. "ತಾಳಿದವನು ಬಾಳಿಯಾನು" ಗಾದೆಯಲ್ಲಿ 'ಳಿ'. "ರುಚಿ, ಶುಚಿ" ಜೋಡಿಯೂ ಹೀಗೇ ಬಾಯಿಗೆ ಬಂದದ್ದು. ಆದರೆ ಅದನ್ನು ನೀವು ಮುಟ್ಟಬೇಡಿ. ಯಾವ ಹೋಟೆಲಿನ ಬೋರ್ಡಿಗೆ ಹಾಕಿದರೂ ಹೊಂದುವ ಮಾತು ನಿಮ್ಮದಾಗಿ ಉಳಿಯುವುದಿಲ್ಲ.

ಹಾಗಾಗಿ ಅಡುಗೆಮನೆ, ಅಂಗಡಿ, ಬೀದಿಗೆ ಸಂಬಂಧಪಟ್ಟ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಎರಡನೇ ಅಕ್ಷರದ ಪ್ರಕಾರ ಗುಂಪು ಮಾಡಿ. ಬಿಸಿ, ಹೊಸ, ಹಸಿವು ಒಂದು ಕಡೆ. ಖಾರ, ಊರು, ಕುರುಕಲು ಇನ್ನೊಂದು ಕಡೆ. 'ಸಿಹಿ'ಗೆ ಜೊತೆ ಸಿಗುವುದು ಕಷ್ಟ. ತಕ್ಷಣ ನೆನಪಾಗುವುದು 'ಕಹಿ', ಅದು ಸಿಹಿ ಅಂಗಡಿಗೆ ಬೇಡ, ಅಲ್ವಾ?

ನಿಮ್ಮ ಗಿರಾಕಿಗಳು ತಾಜಾತನದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ ಅಂದುಕೊಳ್ಳೋಣ. "ನಾವು ಪ್ರತಿದಿನ ತಾಜಾ ತಿಂಡಿ ತಯಾರಿಸುತ್ತೇವೆ" ಅನ್ನುವುದು ಬರೀ ಮಾಹಿತಿ, ಯಾರೂ ಅದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಅದನ್ನೇ ಹಿಂಡಿ, 'ಂದ' ಗುಂಪಿನ ಪದಗಳಿಂದ ಕಟ್ಟಿದರೆ "ಇಂದು ಬೆಂದದ್ದು ಇಂದೇ ಚಂದ" ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೂ ನಿಮಗೆ ನಾನು ಇದನ್ನು ಕೊಡುವುದಿಲ್ಲ. ಸಾಂಪ್ರದಾಯಿಕ ತಿಂಡಿಗಳಲ್ಲಿ ಎಷ್ಟೋ ಒಣ ತಿಂಡಿಗಳು ದಿನಗಟ್ಟಲೆ ಇಡುವಂಥವು. ಎಣ್ಣೆಯಲ್ಲಿ ಕರಿದದ್ದನ್ನು ಯಾರೂ 'ಬೆಂದದ್ದು' ಅನ್ನುವುದೂ ಇಲ್ಲ. ಗಾಜಿನ ಹಿಂದೆ ಮೊನ್ನೆಯ ಡಬ್ಬ ಕಂಡ ಕೂಡಲೇ ಗಿರಾಕಿಗೆ ಬೋರ್ಡು ಸುಳ್ಳು ಅನ್ನಿಸುತ್ತದೆ. ಬರೀ ಬ್ರೆಡ್ಡು, ಬನ್ನು ಮಾರುವವರಿಗೆ ಈ ಸಾಲು ಸರಿಹೋಗಬಹುದು.

ಸಿಹಿಗೂ ಖಾರಕ್ಕೂ ಒಪ್ಪುವ ಒಂದು ಪದ ಹುಡುಕಿದರೆ ನನಗೆ ಸಿಗುವುದು 'ಹದ'. ಪಾಕಕ್ಕೂ ಹದ, ಹಿಟ್ಟಿಗೂ ಹದ, ಎಣ್ಣೆಯ ಕಾವಿಗೂ ಹದ. ಹಳೇ ರುಚಿ ಉಳಿಯುವುದು ಹದ ತಪ್ಪದಿದ್ದಾಗ ಮಾತ್ರ. ಹದಕ್ಕೆ ಜೊತೆಯಾಗಿ 'ಅದೇ', 'ಇದೇ', 'ಬೀದಿ' ಸಿಗುತ್ತವೆ. ಹಾಗೆ ಹುಟ್ಟಿದ ಸಾಲು:

ಅದೇ ಹದ, ಇದೇ ಬೀದಿ

ನಾಲ್ಕು ಪದ, ನಾಲ್ಕರಲ್ಲೂ ಎರಡನೇ ಅಕ್ಷರ ದಕಾರ. ಮಾತ್ರೆ ಎಣಿಸಿದರೆ ಮೊದಲರ್ಧ 5, ಎರಡನೆಯದು 6. ಹಳೆಯ ಛಂದಸ್ಸಿನವರು ಪ್ರಾಸದ ಹಿಂದಿನ ಅಕ್ಷರ ಎಲ್ಲ ಕಡೆ ಹ್ರಸ್ವ ಇಲ್ಲವೇ ಎಲ್ಲ ಕಡೆ ದೀರ್ಘ ಇರಬೇಕು ಅನ್ನುತ್ತಾರೆ. ಇಲ್ಲಿ 'ಬೀ' ಮಾತ್ರ ದೀರ್ಘ. ನನಗೆ ಅದು ಹಾಗೇ ಇರಲಿ ಅನ್ನಿಸುತ್ತದೆ, ಸಾಲು ಅಲ್ಲಿ ಬಂದು ಕೂರುತ್ತದೆ. ಒಂದೂ ಒತ್ತಕ್ಷರ ಇಲ್ಲ, ಹಾಗಾಗಿ ಬೋರ್ಡಿನಲ್ಲಿ ಸಣ್ಣದಾಗಿ ಬರೆದರೂ ರಸ್ತೆಯಾಚೆಯಿಂದ ಓದಬಹುದು. 'ಸಾಂಪ್ರದಾಯಿಕ' ಅನ್ನುವ ಉದ್ದದ ಪದ ಬಳಸದೆಯೇ 'ಅದೇ' ಆ ಕೆಲಸ ಮಾಡುತ್ತದೆ.

ಬರೆಸುವ ಮುಂಚೆ ಪರೀಕ್ಷೆ ಮಾಡಿ. ಮನೆಯವರಲ್ಲದ ಐದಾರು ಜನಕ್ಕೆ ಒಮ್ಮೆ ಬಾಯಲ್ಲಿ ಹೇಳಿ, ಕಾಗದ ತೋರಿಸಬೇಡಿ. ಎರಡು ದಿನ ಬಿಟ್ಟು, "ನಾನು ಹೇಳಿದ ಸಾಲು ಏನು?" ಅಂತ ಕೇಳಿ. ಒಂದು ಪದವನ್ನು ಎಲ್ಲರೂ ಒಂದೇ ಥರ ಬದಲಿಸಿ ಹೇಳಿದರೆ, ಅವರ ಪದವನ್ನೇ ಇಟ್ಟುಕೊಳ್ಳಿ. ಬಾಯಿಗೆ ಸುಲಭವಾದದ್ದು ಅದೇ.

ಈ ಸಾಲಿಗೂ ಮಿತಿ ಇದೆ. ಅಂಗಡಿ ತೆರೆದು ಕೆಲವೇ ತಿಂಗಳಾಗಿದ್ದರೆ 'ಅದೇ' ಅಂದರೆ ಯಾವುದು ಅಂತ ಜನಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ಬೀದಿಯಲ್ಲಿ ಶಾಖೆ ತೆರೆಯುವ ಯೋಚನೆಯಿದ್ದರೂ ಇದು ಬೇಡ. ಅಂಥ ಸಂದರ್ಭದಲ್ಲಿ 'ಹದ'ವನ್ನು ಉಳಿಸಿಕೊಂಡು ದಕಾರದ ಬೇರೆ ಪದ ಹುಡುಕಿ. ಅಂಗಡಿ ಎಷ್ಟು ಹಳೆಯದು, ಗಿರಾಕಿಗಳು ಏನು ಅನ್ನುತ್ತಾರೆ ಅಂತ ಇಲ್ಲಿ ಬರೆದರೆ ನಾನೂ ಕೂತು ಯೋಚಿಸುತ್ತೇನೆ.