ಎರಡೂ ಕಡೆ ಪಣ ಕಟ್ಟುವ ಲೆಕ್ಕ ಎಲ್ಲಿ ಮುರಿಯುತ್ತದೆ

ಪ್ರಶ್ನೆ: ಬಳ್ಳಾರಿಯ ನನ್ನ ಗೆಳೆಯನೊಬ್ಬ, ಒಂದೇ ಪಂದ್ಯಕ್ಕೆ ಎರಡು ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಎದುರಾಳಿಗಳಿಬ್ಬರ ಮೇಲೂ ಹಣ ಕಟ್ಟಿದರೆ ಯಾರು ಗೆದ್ದರೂ ಲಾಭ ಖಚಿತ ಎನ್ನುತ್ತಾನೆ. ಐವತ್ತು ಸಾವಿರ ಹಾಕು ಎಂದು ದುಂಬಾಲು ಬಿದ್ದಿದ್ದಾನೆ. ಲೆಕ್ಕ ನೋಡಿದೆ, ಸರಿಯಾಗಿಯೇ ಕಾಣುತ್ತದೆ. ಮೋಸ ಎಲ್ಲಿದೆ?

ಲೆಕ್ಕದಲ್ಲಿ ಮೋಸವಿಲ್ಲ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಸುಮಾರು ಒಂದು ವರ್ಷ ನಾನೂ ಇದನ್ನೇ ಮಾಡಿದ್ದೇನೆ. ಅಲ್ಲಿ ಬೆಟ್ಟಿಂಗ್ ಕಾನೂನುಬದ್ಧ, ಪರವಾನಗಿ ಪಡೆದ ಕಂಪನಿಗಳು ಬೇಕಾದಷ್ಟಿವೆ. ನಮ್ಮದು ಗಂಗಾವತಿ, ಅಪ್ಪನದು ಭತ್ತದ ದಲಾಲಿ ಅಂಗಡಿ. ಕಾರಟಗಿಯಲ್ಲಿ ಕ್ವಿಂಟಲಿಗೆ ಎಷ್ಟು, ಇಲ್ಲಿ ಎಷ್ಟು, ಲಾರಿ ಬಾಡಿಗೆ ಮತ್ತು ಹಮಾಲಿ ಕಳೆದರೆ ಏನು ಉಳಿಯುತ್ತದೆ ಎಂಬ ಮಾತು ಕೇಳುತ್ತಲೇ ಬೆಳೆದವನಿಗೆ ಎರಡು ಕಡೆಯ ದರದ ಅಂತರದಲ್ಲಿ ಲಾಭ ಮಾಡುವ ಈ ಆರ್ಬಿಟ್ರೇಜ್ ಅರ್ಥವಾಗಲು ಐದು ನಿಮಿಷವೂ ಬೇಕಾಗಲಿಲ್ಲ. ಉಳಿದದ್ದು ಅರ್ಥವಾಗಲು ಆ ಒಂದು ವರ್ಷ ಬೇಕಾಯಿತು.

ನಾನು ಕಟ್ಟಿದ ಒಂದು ಟೆನಿಸ್ ಪಂದ್ಯವನ್ನೇ ತೆಗೆದುಕೊಳ್ಳಿ. ಆಟಗಾರರನ್ನು ರಾಮ, ಭೀಮ ಎಂದು ಕರೆಯೋಣ. ಮೊದಲ ಕಂಪನಿ ರಾಮನಿಗೆ 2.20 ದರ ಕೊಟ್ಟಿತ್ತು. ಅಂದರೆ ರಾಮ ಗೆದ್ದರೆ ಕಟ್ಟಿದ ಒಂದು ಪೌಂಡಿಗೆ ಅಸಲೂ ಸೇರಿ 2.20 ಪೌಂಡ್. ಎರಡನೆಯ ಕಂಪನಿಯಲ್ಲಿ ಭೀಮನಿಗೆ 1.95. ಅಂತರ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದನ್ನು ಪ್ರತಿ ದರದಿಂದ ಭಾಗಿಸಿ ಕೂಡಬೇಕು:

1/2.20 + 1/1.95 = 0.967

ಮೊತ್ತ ಒಂದಕ್ಕಿಂತ ಕಡಿಮೆ ಬಂದರೆ ಲಾಭವಿದೆ. ನನ್ನ ಬಳಿ 500 ಪೌಂಡ್ ಇತ್ತು. ರಾಮನ ಮೇಲೆ 235, ಭೀಮನ ಮೇಲೆ 265 ಕಟ್ಟಿದೆ. ರಾಮ ಗೆದ್ದರೆ 517 ಬರುತ್ತದೆ, ಭೀಮ ಗೆದ್ದರೆ 516.75. ಯಾರೇ ಗೆಲ್ಲಲಿ, ಹದಿನೇಳು ಪೌಂಡಿನಷ್ಟು ಲಾಭ. ಇದು ದೊಡ್ಡ ಅಂತರವೇ ಸರಿ. ನನಗೆ ಸಿಗುತ್ತಿದ್ದವುಗಳಲ್ಲಿ ಹೆಚ್ಚಿನವು ನೂರಕ್ಕೆ ಒಂದೋ ಎರಡೋ ಉಳಿಸುವಂಥವು.

ಒಂದೇ ಕಂಪನಿಯಲ್ಲಿ ಇಂಥ ಅಂತರ ಸಾಮಾನ್ಯವಾಗಿ ಸಿಗುವುದಿಲ್ಲ. ಸಮಬಲರಾದ ಇಬ್ಬರಿಗೂ ಅದು 1.91 ದರ ಇಟ್ಟರೆ ಮೇಲಿನ ಮೊತ್ತ 1.047 ಆಗುತ್ತದೆ. ಒಂದರ ಮೇಲಿನ ಆ ಚೂರೇ ಅದರ ಗಳಿಕೆ. ಎರಡು ಕಂಪನಿಗಳ ನಡುವೆ ಬಿರುಕು ಮೂಡುವುದು ಯಾವಾಗಲೆಂದರೆ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಡವಾಗಿ ತಿಳಿದಾಗ. ಆಟಗಾರನ ಮೊಣಕಾಲಿಗೆ ಪಟ್ಟಿ ಕಾಣಿಸಿತು ಅನ್ನಿ. ದೊಡ್ಡ ಪಣ ಸ್ವೀಕರಿಸುವ, ಚುರುಕಾದ ಕಂಪನಿ ಕ್ಷಣದಲ್ಲಿ ದರ ಬದಲಿಸುತ್ತದೆ. ಸಾಮಾನ್ಯ ಗಿರಾಕಿಗಳನ್ನೇ ನೆಚ್ಚಿಕೊಂಡ ಕಂಪನಿ ಕೆಲವು ನಿಮಿಷ ಹಳೆಯ ದರದಲ್ಲೇ ಕುಳಿತಿರುತ್ತದೆ. ಬಿರುಕು ಇರುವುದು ಆ ಕೆಲವು ನಿಮಿಷ ಮಾತ್ರ. ಅಂದರೆ ನಿಮ್ಮ ಲಾಭ ಬರುವುದು ನಿದ್ದೆಯಲ್ಲಿರುವ ಕಂಪನಿಯಿಂದ. ಮುಂದಿನ ಪಾಡೆಲ್ಲ ಹುಟ್ಟುವುದೂ ಇಲ್ಲಿಂದಲೇ.

ಆ ಪಂದ್ಯಕ್ಕೆ ಮರಳುತ್ತೇನೆ. ಮೊದಲ ಸೆಟ್ ಮುಗಿದು ಎರಡನೆಯದರ ಮಧ್ಯೆ ಭೀಮ ಬೆನ್ನು ಹಿಡಿದುಕೊಂಡು ಅಂಪೈರ್ ಕೈಕುಲುಕಿ ಹೊರಟುಹೋದ. ರಾಮ ಮುಂದಿನ ಸುತ್ತಿಗೆ ಹೋದ. ನನಗೆ 517 ಬರಬೇಕಲ್ಲವೇ? ರಾಮನ ಮೇಲೆ ಕಟ್ಟಿದ್ದ ಕಂಪನಿಯ ನಿಯಮದಂತೆ ಪಂದ್ಯ ಪೂರ್ಣ ಮುಗಿಯದಿದ್ದರೆ ಪಣ ರದ್ದು. ನನ್ನ 235 ಹಾಗೆಯೇ ಹಿಂದಿರುಗಿತು. ಭೀಮನ ಮೇಲೆ ಕಟ್ಟಿದ್ದ ಕಂಪನಿಯಲ್ಲಿ ಒಂದು ಸೆಟ್ ಮುಗಿದಿದ್ದರೆ ಪಣ ಊರ್ಜಿತ, ಮುಂದಿನ ಸುತ್ತಿಗೆ ಹೋದವನೇ ವಿಜೇತ. ಅಲ್ಲಿ 265 ಪೌಂಡ್ ಮುಳುಗಿತು. ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ, ಇಬ್ಬರೂ ಮೊದಲೇ ಬರೆದಿಟ್ಟಿದ್ದರು, ಓದದೆ ಬಿಟ್ಟವನು ನಾನು. ಹದಿನೇಳರಂತೆ ಆ ನಷ್ಟ ತುಂಬಿಕೊಳ್ಳಲು ಹದಿನಾರು ಪಂದ್ಯ ಒಂದೂ ಎಡವದೆ ನಡೆಯಬೇಕು.

ಪಂದ್ಯ ಬಿಟ್ಟು ಹೋದವನು ರಾಮನಾಗಿದ್ದರೆ ನನಗೆ 235 ಹಿಂದಿರುಗಿ, ಮೇಲೆ 516.75 ಬರುತ್ತಿತ್ತು ಎಂಬುದನ್ನೂ ಹೇಳಬೇಕು. ಎಂದರೆ ನನಗೆ ಗೊತ್ತಿಲ್ಲದೆಯೇ ನಾನು ಯಾರ ಬೆನ್ನು ಮೊದಲು ಹಿಡಿದುಕೊಳ್ಳುತ್ತದೆ ಎಂಬುದರ ಮೇಲೆ ಜೂಜಾಡಿದ್ದೆ. ಅಂತರ ದೊಡ್ಡದಾಗಿದ್ದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಭೀಮನ ಗಾಯದ ಸುದ್ದಿ ಆಗಲೇ ಹಬ್ಬಿ ಅವನ ದರ ಅಲ್ಲಲ್ಲಿ ಏರುತ್ತಿತ್ತು, ರಾಮನ ದರ ಇಳಿಸಲು ಮೊದಲ ಕಂಪನಿ ಮರೆತಿತ್ತು. ದರ ಸ್ಪಷ್ಟವಾಗಿ ತಪ್ಪಾಗಿ ಅಚ್ಚಾಗಿದ್ದರೆ, ಉದಾಹರಣೆಗೆ 1.20 ಇರಬೇಕಾದಲ್ಲಿ 12.0 ಎಂದಾಗಿದ್ದರೆ, ಪಂದ್ಯ ಮುಗಿದ ಮೇಲೂ ಪಣ ರದ್ದುಪಡಿಸುವ ಹಕ್ಕನ್ನು ಕಂಪನಿಗಳು ನಿಯಮದಲ್ಲೇ ಇಟ್ಟುಕೊಂಡಿರುತ್ತವೆ. ಆಗಲೂ ಇದೇ ಕಥೆ: ಒಂದು ಕಾಲು ಮುರಿಯುತ್ತದೆ, ಇನ್ನೊಂದು ಕಾಲಿನ ಮೇಲೆ ನೀವು ನಿಂತಿರುತ್ತೀರಿ. ಲಾರಿಗೆ ಹೇರಿದ ಭತ್ತವನ್ನು ಕಾರಟಗಿಯ ಸಾಹುಕಾರ ಬೇಡವೆಂದರೂ ಭತ್ತ ಭತ್ತವಾಗಿಯೇ ಇರುತ್ತದೆ. ಇಲ್ಲಿ ಹಾಗಿಲ್ಲ.

ಇನ್ನು ಪಣದ ಮೇಲೆ ಕಂಪನಿಗಳು ಹಾಕುವ ಮಿತಿ. ಮೊದಲ ಕೆಲವು ವಾರ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಆದರೆ ನೀವು ಪಣ ಕಟ್ಟಿದ ಪ್ರತಿ ಬಾರಿಯೂ ದರ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ ಎಂಬುದನ್ನು ಅವರ ಲೆಕ್ಕಿಗರು ಗಮನಿಸುತ್ತಾರೆ. ನೀವು ಗೆದ್ದಿರೋ ಸೋತಿರೋ ಅವರಿಗೆ ಮುಖ್ಯವಲ್ಲ. ಪಂದ್ಯ ಶುರುವಾಗುವ ಹೊತ್ತಿನ ದರಕ್ಕಿಂತ ಸದಾ ಒಳ್ಳೆಯ ದರ ಹಿಡಿಯುವವನು ದುಬಾರಿ ಗಿರಾಕಿ, ಅಷ್ಟೇ. 237.46 ಎಂಬಂಥ ಚಿಲ್ಲರೆ ಪಣ ಕಟ್ಟಿದರೆ ಇನ್ನೂ ಬೇಗ ಸಿಕ್ಕಿಬೀಳುತ್ತೀರಿ, ಸಾಮಾನ್ಯ ಜೂಜುಗಾರ ಹಾಗೆ ಕಟ್ಟುವುದಿಲ್ಲ. ಒಂದು ಸಂಜೆ 200 ಪೌಂಡ್ ಎಂದು ಬರೆದು ಗುಂಡಿ ಒತ್ತಿದೆ. ಗರಿಷ್ಠ 3.40 ಪೌಂಡ್ ಎಂದು ಪರದೆ ಹೇಳಿತು. ಇನ್ನೊಂದು ಬದಿಯನ್ನು ಅದಕ್ಕೂ ಮೊದಲೇ ಕಟ್ಟಿಬಿಟ್ಟಿದ್ದೆ. ಬೇರೆಲ್ಲೂ ಆ ದರ ಉಳಿದಿರಲಿಲ್ಲ, ಕೆಟ್ಟ ದರದಲ್ಲೇ ಸರಿದೂಗಿಸಿ ಹನ್ನೊಂದು ಪೌಂಡ್ ಕಳೆದುಕೊಂಡೆ. ಆಮೇಲೆ, ಮಿತಿ ಹಾಕಬಹುದಾದ ಕಂಪನಿಯಲ್ಲಿ ಮೊದಲು ಕಟ್ಟಿ, ಅವರು ಒಪ್ಪಿದಷ್ಟಕ್ಕೆ ಮಾತ್ರ ಎರಡನೆಯ ಬದಿ ಕಟ್ಟುವುದನ್ನು ಕಲಿತೆ. ಒಂದು ವರ್ಷದೊಳಗೆ ನನ್ನ ಏಳು ಖಾತೆಗಳಲ್ಲಿ ಐದಕ್ಕೆ ಇಂಥ ಮಿತಿ ಬಿತ್ತು.

ನಿಮ್ಮ ಗೆಳೆಯನ ಮಾತಿಗೆ ಬರೋಣ. ನಾನು ಹೇಳಿದ್ದೆಲ್ಲ ದೂರು ಕೊಡಲು ಜಾಗವಿರುವ ದೇಶದ ಮಾತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಬ್ಯಾಂಕುಗಳು ಇದಕ್ಕೆ ಹಣ ಸಾಗಿಸುವಂತಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಣದ ಕರಾರೇ ಅನೂರ್ಜಿತ, ಗೆದ್ದ ಹಣಕ್ಕಾಗಿ ದಾವೆ ಹೂಡಲಾಗದು. ಈ ಆ್ಯಪ್‌ಗಳು ಹಣ ಹಾಕಿಸಿಕೊಳ್ಳುವುದು ಯಾರದೋ ಹೆಸರಿನ ಖಾತೆಗೆ, ಅದೂ ಆಗಾಗ ಬದಲಾಗುವ ಖಾತೆಗೆ. ಅಂಥ ಖಾತೆಯ ಮೇಲೆ ಸೈಬರ್ ದೂರು ಬಿದ್ದರೆ ನಿಮ್ಮ ಖಾತೆಯ ವ್ಯವಹಾರವೂ ನಿಲ್ಲಬಹುದು. ಒಂದು ಆ್ಯಪ್ ಸೋತ ಬದಿಯ ಹಣ ನುಂಗಿ, ಇನ್ನೊಂದು ಗೆದ್ದ ಬದಿಯನ್ನು ರದ್ದು ಮಾಡಿತು ಅನ್ನಿ, ನೀವು ಯಾವ ಠಾಣೆಗೆ ಹೋಗಿ ಏನೆಂದು ಬರೆದುಕೊಡುತ್ತೀರಿ?

ಐವತ್ತು ಸಾವಿರ ಕೊಡಬೇಡಿ. ಅವನು ಹಟ ಹಿಡಿದರೆ ಒಂದೇ ಪ್ರಶ್ನೆ ಕೇಳಿ: ಆಟಗಾರ ಮಧ್ಯದಲ್ಲಿ ಹೊರನಡೆದರೆ ಆ ಎರಡು ಆ್ಯಪ್‌ಗಳ ನಿಯಮ ಏನು ಹೇಳುತ್ತದೆ? ಇಂಗ್ಲೆಂಡಿನಲ್ಲಿ ನನ್ನ ಜೊತೆ ಇದನ್ನು ಮಾಡುತ್ತಿದ್ದ ನಾಲ್ವರಲ್ಲಿ ಒಬ್ಬನೂ, ನಷ್ಟವಾಗುವ ಮೊದಲು, ಇದಕ್ಕೆ ಉತ್ತರ ಹೇಳಬಲ್ಲವನಾಗಿರಲಿಲ್ಲ.