ಕಂಟೇನರ್ ಮೇಲೆ ಬರೆದಿರೋದು ಯಾವ ದೇಶದ ಹೆಸರು?

ಓದುಗರ ಪತ್ರ: ವೈಟ್‌ಫೀಲ್ಡ್ ಕಡೆ ಲಾರಿಗಳಲ್ಲಿ ಹೋಗುವ ಕಂಟೇನರ್‌ಗಳನ್ನು ದಿನಾ ನೋಡ್ತೀನಿ. ಒಂದರ ಮೇಲೆ MSKU 615287 6 ಅಂತ, ಅದರ ಕೆಳಗೆ 22G1 ಅಂತ ಇತ್ತು. U ಅಂದ್ರೆ ಅಮೆರಿಕ, G ಅಂದ್ರೆ ಜರ್ಮನಿ ಅಂತಾನೆ ನನ್ನ ಭಾವಮೈದ. ನಿಜವಾ? ಪೆಟ್ಟಿಗೆ ಯಾವ ದೇಶದ್ದು ಅಂತ ಇದರಿಂದ ಗೊತ್ತಾಗುತ್ತಾ?

ಸಂಪಾದಕರ ಉತ್ತರ: ನಿಮ್ಮ ಭಾವಮೈದನಿಗೆ ಬೇಜಾರಾಗಬಹುದು, ಆದರೆ ಎರಡೂ ತಪ್ಪು. ನಾಲ್ಕನೇ ಅಕ್ಷರ U ಆಗಿದ್ದರೆ ಅದು ಸರಕು ತುಂಬುವ ಕಂಟೇನರ್ ಎಂದಷ್ಟೇ ಅರ್ಥ. ಚೀನಾದವರ ಪೆಟ್ಟಿಗೆಗೂ ಅದೇ U, ನಮ್ಮವರದಕ್ಕೂ ಅದೇ U. ಕಂಟೇನರ್ ಹೊರುವ ಟ್ರೈಲರ್ ಆಗಿದ್ದರೆ ಅಲ್ಲಿ Z ಇರುತ್ತದೆ. ಇನ್ನು 22G1 ಅನ್ನೋದು ಅಳತೆ ಮತ್ತು ಬಗೆ. ಮೊದಲ 2 ಅಂದರೆ ಇಪ್ಪತ್ತು ಅಡಿ ಉದ್ದ, ಎರಡನೇ 2 ಅಂದರೆ ಎಂಟೂವರೆ ಅಡಿ ಎತ್ತರ. G ಅಂದರೆ ಸಾಮಾನ್ಯ ಸರಕಿನದು. ಆ ಜಾಗದಲ್ಲಿ R ಕಂಡರೆ ಅದು ಒಳಗೆ ತಂಪು ಕಾಯುವ ಪೆಟ್ಟಿಗೆ.

ದೇಶದ ವಾಸನೆ ಸ್ವಲ್ಪವಾದರೂ ಇರುವುದು ಮೊದಲ ಮೂರು ಅಕ್ಷರಗಳಲ್ಲಿ. ಅವು ಮಾಲೀಕರ ಗುರುತು. ಪ್ಯಾರಿಸ್‌ನಲ್ಲಿ ಬಿಐಸಿ ಎಂಬ ಸಂಸ್ಥೆಯಿದೆ, 1933ರಲ್ಲಿ ಶುರುವಾದದ್ದು. ಒಬ್ಬರಿಗೆ ಕೊಟ್ಟ ಅಕ್ಷರ ಇನ್ನೊಬ್ಬರಿಗೆ ಸಿಗದಂತೆ ನೋಡಿಕೊಳ್ಳುವುದು ಅದೇ. MSKU ಇರುವುದು ಮರ್ಸ್ಕ್ ಕಂಪನಿಯ ಹೆಸರಿನಲ್ಲಿ, ಅದು ಡೆನ್ಮಾರ್ಕಿನದು. ಹಾಗಾಗಿ ನೀವು ನೋಡಿದ್ದು ಡೆನ್ಮಾರ್ಕ್ ಕಂಪನಿಯೊಂದರ ಹೆಸರಲ್ಲಿ ನೋಂದಾಯಿಸಿದ ಪೆಟ್ಟಿಗೆ ಅನ್ನಬಹುದು. ಅದಕ್ಕಿಂತ ಜಾಸ್ತಿ ಹೇಳಿದರೆ ಊಹೆ.

ಯಾಕೆಂದರೆ ಬಹಳಷ್ಟು ಪೆಟ್ಟಿಗೆಗಳು ಹಡಗು ಕಂಪನಿಗಳದ್ದೇ ಅಲ್ಲ, ಬಾಡಿಗೆಯವು. TGHU ಕಂಡರೆ ಅದು ಟೆಕ್ಸ್‌ಟೈನರ್ ಎಂಬ ಬಾಡಿಗೆ ಕಂಪನಿಯದು. ಯಾವ ದೇಶದ ಹಡಗಿನವರು ಬೇಕಾದರೂ ಅದನ್ನು ಬಾಡಿಗೆಗೆ ಹಿಡಿದು ಓಡಿಸುತ್ತಾರೆ. ಹಡಗಿಗಾದರೆ ಧ್ವಜವಿದೆ, ನೋಂದಣಿಯಾದ ಬಂದರಿನ ಹೆಸರು ಹಿಂಭಾಗದಲ್ಲಿ ಬರೆದಿರುತ್ತದೆ. ಪೆಟ್ಟಿಗೆಗೆ ಅಂಥ ರಾಷ್ಟ್ರೀಯತೆಯೇ ಇಲ್ಲ.

ಹಳೆಯ ಪೆಟ್ಟಿಗೆಗಳಲ್ಲಿ, ಮುಖ್ಯವಾಗಿ ಈಗ ಗೋಡೌನ್ ಆಗಿಯೋ ಅಂಗಡಿಯಾಗಿಯೋ ನಿಂತಿರುವವುಗಳಲ್ಲಿ, GB ಅಥವಾ US ಅಂತ ನಿಜವಾಗಿಯೂ ದೇಶದ ಅಕ್ಷರ ಕಾಣಬಹುದು. ಅದನ್ನು ಬರೆಯಲೇಬೇಕೆಂಬ ಕಡ್ಡಾಯವಿಲ್ಲ, ಹೊಸದರಲ್ಲಿ ಅಪರೂಪ. ಬರೆದಿದ್ದರೂ ಅದು ಹೇಳುವುದು ಆ ಮಾಲೀಕರ ಗುರುತು ಎಲ್ಲಿ ನೋಂದಣಿಯಾಗಿದೆ ಎಂಬುದನ್ನು ಮಾತ್ರ. ಮಾಲೀಕರು ಯಾವ ದೇಶದವರು ಅಂತಲ್ಲ. 890ರಿಂದ ಶುರುವಾಗುವ ಬಾರ್‌ಕೋಡ್ ನೋಡಿ ‘ಇದು ಭಾರತದಲ್ಲೇ ತಯಾರಾದದ್ದು’ ಅಂದುಕೊಳ್ತೀವಲ್ಲ, ಅಂಥದೇ ತಪ್ಪು ಇಲ್ಲೂ ಆಗುತ್ತದೆ.

ಇನ್ನು ಅಂಕಿಗಳು. 615287 ಅನ್ನೋದು ಮಾಲೀಕರೇ ಕೊಟ್ಟುಕೊಂಡ ಕ್ರಮಸಂಖ್ಯೆ, ಅದರಲ್ಲಿ ದೇಶ ಹುಡುಕಬೇಡಿ. ಕೊನೆಯ 6ಕ್ಕೆ ಸಾಮಾನ್ಯವಾಗಿ ಚೌಕ ಹಾಕಿರುತ್ತಾರೆ. ಅದು ಬರೆಯುವವರ ಕೈತಪ್ಪು ಹಿಡಿಯಲು ಇರುವ ಅಂಕಿ. ಅದಕ್ಕಿಂತ ಮೊದಲಿರುವ ಹತ್ತು ಅಕ್ಷರ-ಅಂಕಿಗಳಿಗೆ ಒಂದೊಂದು ಬೆಲೆ ಕಟ್ಟಿ, ಅವನ್ನು ಕ್ರಮವಾಗಿ 1, 2, 4, 8 ಹೀಗೆ ದುಪ್ಪಟ್ಟಾಗುತ್ತಾ ಹೋಗುವ ಸಂಖ್ಯೆಗಳಿಂದ ಗುಣಿಸಿ ಕೂಡುತ್ತಾರೆ. ನಿಮ್ಮ ಪೆಟ್ಟಿಗೆಗೆ ಮೊತ್ತ 6760. ಅದನ್ನು 11ರಿಂದ ಭಾಗಿಸಿದರೆ ಉಳಿಯುವುದು 6. ಯಾರಾದರೂ ಅವಸರದಲ್ಲಿ 615287ರ ಬದಲು 615827 ಅಂತ ಬರೆದುಕೊಂಡರೆ ಶೇಷ 8 ಬರುತ್ತದೆ, ಗೇಟಿನಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ನೀವು ಸರಿಯಾಗಿಯೇ ಬರೆದುಕೊಂಡಿದ್ದೀರಿ ಅಂತ ನನಗೆ ತಿಳಿದದ್ದೂ ಹೀಗೇ.

ಬಾಗಿಲ ಮೇಲೆ ಒಂದು ಲೋಹದ ಫಲಕವೂ ಇರುತ್ತದೆ, CSC SAFETY APPROVAL ಅಂತ ಬರೆದದ್ದು. 1972ರ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ಪ್ರಕಾರ ಅದು ಬೇಕೇ ಬೇಕು. ತಯಾರಾದ ದಿನಾಂಕ, ಹೊರಬಹುದಾದ ತೂಕ ಎಲ್ಲ ಅದರಲ್ಲಿದೆ. ಮೊದಲ ಸಾಲಿನಲ್ಲಿ F ಇದ್ದರೆ ಫ್ರಾನ್ಸ್, GB ಇದ್ದರೆ ಬ್ರಿಟನ್. ಇದು ಖಂಡಿತ ದೇಶವೇ. ಆದರೆ ಪೆಟ್ಟಿಗೆಯ ವಿನ್ಯಾಸ ಸುರಕ್ಷಿತ ಅಂತ ಒಪ್ಪಿಗೆ ಕೊಟ್ಟ ದೇಶ. ತಯಾರಾದದ್ದು ಬಹುಪಾಲು ಚೀನಾದಲ್ಲೇ, ಪ್ರಪಂಚದ ಹತ್ತು ಹೊಸ ಪೆಟ್ಟಿಗೆಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಅಲ್ಲಿಯವು.

ಈಗ ಇಂಥದೊಂದು ಪೆಟ್ಟಿಗೆಗೆ ಚಿಕ್ಕಮಗಳೂರಿನ ಕಾಫಿ ತುಂಬಿ ನವ ಮಂಗಳೂರು ಬಂದರಿನಿಂದ ಇಟಲಿಗೆ ಕಳಿಸಿದರು ಅಂದುಕೊಳ್ಳಿ. ತಯಾರಿ ಚೀನಾ, ಒಪ್ಪಿಗೆ ಫ್ರಾನ್ಸ್, ಮಾಲೀಕರು ಡೆನ್ಮಾರ್ಕ್, ಕಾಫಿ ನಮ್ಮದು. ಹೊರಗಿನ ಬರಹದಲ್ಲಿ ಭಾರತದ ಸುಳಿವೂ ಇಲ್ಲ, ಇಟಲಿಯ ಸುಳಿವೂ ಇಲ್ಲ.

ಪೆಟ್ಟಿಗೆ ಎಲ್ಲಿಂದ ಬಂತು ಅಂತ ತಿಳಿಯುವ ಆಸೆಯಿದ್ದರೆ ಹಡಗು ಕಂಪನಿಯ ವೆಬ್‌ಸೈಟಿನಲ್ಲಿ ಆ ಹನ್ನೊಂದು ಅಕ್ಷರ-ಅಂಕಿ ಹಾಕಿ ನೋಡಬಹುದು. ಅಲ್ಲೂ ಒಂದು ಎಚ್ಚರ ಬೇಕು. ನಮ್ಮ ಕಡೆಯ ಎಷ್ಟೋ ಪೆಟ್ಟಿಗೆಗಳು ಕೊಲಂಬೊದಲ್ಲಿ ಹಡಗು ಬದಲಿಸುತ್ತವೆ. ಕೊನೆಯ ಬಂದರು ಕೊಲಂಬೊ ಅಂತ ಕಂಡ ಮಾತ್ರಕ್ಕೆ ಸರಕು ಶ್ರೀಲಂಕಾದ್ದಲ್ಲ. ಅದನ್ನು ತುಂಬಿದ ಬಂದರು ಯಾವುದೆಂದು ಆ ವೆಬ್‌ಸೈಟಿನ ಹಿಂದಿನ ನಮೂದುಗಳಲ್ಲಿ ನೋಡಿ. ಒಳಗಿನ ಸರಕು ಯಾವ ದೇಶದಲ್ಲಿ ತಯಾರಾಯಿತು ಅನ್ನೋದಂತೂ ಕಸ್ಟಮ್ಸಿಗೆ ಕೊಡುವ ಕಾಗದಗಳಲ್ಲಿರುತ್ತದೆ, ತಗಡಿನ ಮೇಲೆ ಇರುವುದಿಲ್ಲ.